ನಿಮಗಿದು ಗೊತ್ತೇ? ಕಂಬಳಿ ಮಾರಲು ರೀಲ್ಸೋ, ಫೋಟೊನೋ?

● ಕಂಬಳಿಗೆ ಕಾನೂನಿನ ರಕ್ಷಣೆಯೂ ಇದೆ, ಗೊತ್ತೇ? 1985ರ ಕೈಮಗ್ಗ ಮೀಸಲಾತಿ ಕಾಯ್ದೆಯ ಅಡಿಯಲ್ಲಿ 11 ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೆಂದೇ ಕಾದಿರಿಸಲಾಗಿದೆ. ಸೀರೆ, ಪಂಚೆ, ಟವೆಲ್, ಲುಂಗಿ, ಜಮಖಾನೆಗಳ ಸಾಲಿನಲ್ಲಿ ಕಂಬಳಿಯೂ ಇದೆ. ಆದರೆ ಫೋನಿನ ಪರದೆಗೆ ಈ ಕಾಯ್ದೆ ಗೊತ್ತಿಲ್ಲ. ಕೈಯಲ್ಲಿ ನೂತು, ಗುಂಡಿ ಮಗ್ಗದಲ್ಲಿ ನೇಯ್ದ ಕರಿ ಕಂಬಳಿಯ ಫೋಟೊವನ್ನೂ ಕಾರ್ಖಾನೆಯ ಕಪ್ಪು ಹೊದಿಕೆಯ ಫೋಟೊವನ್ನೂ ಅಕ್ಕಪಕ್ಕ ಇಟ್ಟರೆ ಬೆಂಗಳೂರಿನ ಗಿರಾಕಿಗೆ ಎರಡೂ ಒಂದೇ. ಒಂದರ ಬೆಲೆ ಇನ್ನೊಂದರ ಮೂರರಷ್ಟು ಏಕೆ ಎಂದು ಕೇಳಿದರೆ ಫೋಟೊದಲ್ಲಿ ಉತ್ತರ ಸಿಗುವುದಿಲ್ಲ. ಲಾಳಿ ಓಡಾಡುವ ಇಪ್ಪತ್ತು ಸೆಕೆಂಡಿನ ವಿಡಿಯೊದಲ್ಲಿ ಸಿಗುತ್ತದೆ.

ಹಾಗಾದರೆ ವಿಡಿಯೊನೇ ಮಾಡಿ ಅಂತೀರಾ? ತಡೆಯಿರಿ.

● ಕಡೂರು ತಾಲ್ಲೂಕು ಚಿಕ್ಕಮಗಳೂರು ಜಿಲ್ಲೆಯಲ್ಲಿದ್ದರೂ ಮಲೆನಾಡಲ್ಲ, ಬಯಲುಸೀಮೆ. ಹಿರೇನಲ್ಲೂರು ಆ ಬಯಲಿನ ಹೋಬಳಿ. ಅಲ್ಲೊಂದು ಮನೆ, ಮನೆಯಲ್ಲೊಂದು ಮಗ್ಗ, ತಿಂಗಳಿಗೆ ಹತ್ತು ಕಂಬಳಿ ಎಂದು ಇಟ್ಟುಕೊಳ್ಳೋಣ. ಅಪ್ಪ ನೇಯುತ್ತಾರೆ, ಅಮ್ಮ ಉಣ್ಣೆ ನೂಲುತ್ತಾರೆ, ಫೋನು ಮಗನ ಕೈಯಲ್ಲಿದೆ. ಜಾಹೀರಾತಿಗೆ ಕಾಸಿಲ್ಲ. ಈ ಮನೆಯವರು ಒಂದು ರೀಲ್ಸ್ ಹಾಕಿದರು, ಅದು ಓಡಿತು, ಮುನ್ನೂರು ಜನ ‘ಅಣ್ಣಾ, ರೇಟೆಷ್ಟು?’ ಎಂದು ಮೆಸೇಜ್ ಮಾಡಿದರು ಅನ್ನಿ. ಒಂದೊಂದಕ್ಕೆ ಎರಡು ನಿಮಿಷದ ಉತ್ತರ ಎಂದರೂ ಹತ್ತು ಗಂಟೆ. ಮಗನೂ ಮಗ್ಗದ ಕೆಲಸಕ್ಕೆ ಕೈ ಹಾಕುವವನೇ ಆದ್ದರಿಂದ ಅಷ್ಟೂ ಹೊತ್ತು ಮಗ್ಗಕ್ಕೆ ಬಿದ್ದ ಕತ್ತರಿ. ಕೊನೆಗೆ ಹತ್ತು ಜನರಿಗೆ ಕಂಬಳಿ ಸಿಗುತ್ತದೆ, ಉಳಿದ ಇನ್ನೂರ ತೊಂಬತ್ತು ಜನರಿಗೆ ‘ಖಾಲಿಯಾಗಿದೆ’ ಎಂಬ ಉತ್ತರ ಸಿಗುತ್ತದೆ. ಅವರಲ್ಲಿ ಬಹಳ ಮಂದಿ ಮತ್ತೆ ತಿರುಗಿ ಬರುವುದಿಲ್ಲ. ಚಿಕ್ಕ ಮಗ್ಗದವರ ಬಜೆಟ್ ಎಂದರೆ ರೂಪಾಯಿಗಿಂತ ಹೆಚ್ಚಾಗಿ ಗಂಟೆ. ರೀಲ್ಸೋ ಫೋಟೊನೋ ಎಂಬುದನ್ನು ಆ ಗಂಟೆಯ ಲೆಕ್ಕದಲ್ಲೇ ತೀರ್ಮಾನಿಸಬೇಕು.

● ಫೋಟೊ ಒಂದು ಕಂಬಳಿಯನ್ನು ಮಾರುತ್ತದೆ, ವಿಡಿಯೊ ಮಗ್ಗವನ್ನು ಪರಿಚಯಿಸುತ್ತದೆ. ಏಳನೇ ನಂಬರಿನ ಕಂಬಳಿ ಮಾರಿಹೋದ ದಿನ ಅದರ ಫೋಟೊದ ಕೆಲಸ ಮುಗಿಯಿತು. ಲಾಳಿಯ ವಿಡಿಯೊ ಹಾಗಲ್ಲ. ಅದರಲ್ಲಿ ಬೆಲೆಯಿಲ್ಲ, ನಂಬರಿಲ್ಲ. ಮುಂದಿನ ವರ್ಷವೂ ಅದೇ ವಿಡಿಯೊವನ್ನು ಹೊಸ ಗಿರಾಕಿಗೆ ಕಳಿಸಬಹುದು. ಹತ್ತು ಕಂಬಳಿಯ ಮನೆಗೆ ತಿಂಗಳಿಗೆ ಹತ್ತು ಸಲ ಫೋಟೊ ಬೇಕು, ವಿಡಿಯೊ ಒಂದೇ ಸಾಕು. ಮೊದಲ ತಿಂಗಳು ಅದೂ ಬೇಡ. ಫೋಟೊ ಕೈಗೂಡದೆ ವಿಡಿಯೊ ಹಾಕಿದರೆ ಬಂದ ಗಿರಾಕಿಗೆ ತೋರಿಸಲು ಏನೂ ಇರುವುದಿಲ್ಲ.

● ಕರಿ ಕಂಬಳಿ ಫೋಟೊದಲ್ಲಿ ಬೂದು ಬಣ್ಣಕ್ಕೆ ತಿರುಗುವುದೇಕೆ, ಗೊತ್ತೇ? ನಾಡಿನ ಕಪ್ಪು ಕುರಿಯ ಉಣ್ಣೆಗೆ ಬಣ್ಣ ಹಾಕುವುದಿಲ್ಲ, ಕುರಿಯ ಮೈಬಣ್ಣವೇ ಕಂಬಳಿಯ ಬಣ್ಣ. ಫೋನಿನ ಕ್ಯಾಮೆರಾಗೆ ಇದು ತಿಳಿಯದು. ಎದುರಿಗಿರುವುದೆಲ್ಲ ಸರಾಸರಿ ನಡುಬೂದು ಎಂದು ಎಣಿಸಿ ಬೆಳಕನ್ನು ಹೊಂದಿಸಿಕೊಳ್ಳುವುದು ಅದರ ಸ್ವಭಾವ. ಪರದೆ ತುಂಬ ಕಪ್ಪು ಕಂಡರೆ ‘ಕತ್ತಲಾಯಿತು’ ಎಂದುಕೊಂಡು ಬೆಳಕು ಏರಿಸುತ್ತದೆ, ಕಂಬಳಿ ಹಳೆಯ ಬೂದಿ ಚೀಲದಂತೆ ಕಾಣುತ್ತದೆ. ಬಿಳಿ ಪಂಚೆಗೆ ಇದೇ ಅವಸ್ಥೆ ತಿರುಗುಮುರುಗಾಗಿ ಆಗುತ್ತದೆ: ಬೆಳಕು ಇಳಿಸಿ ಕೊಳೆಯಾದಂತೆ ತೋರಿಸುತ್ತದೆ.

ಪರಿಹಾರಕ್ಕೆ ಕಾಸು ಬೇಡ. ಕಂಬಳಿಯ ಮೇಲೆ ಬೆರಳು ಒತ್ತಿ ಹಿಡಿಯಿರಿ, ಪಕ್ಕದಲ್ಲಿ ಸೂರ್ಯನ ಚಿಹ್ನೆ ಬರುತ್ತದೆ. ಅದನ್ನು ಕೆಳಗೆ ಎಳೆಯುತ್ತ ಹೋಗಿ, ಕಣ್ಣಿಗೆ ಕಾಣುವ ಕಪ್ಪು ಪರದೆಯ ಮೇಲೂ ಕಂಡಾಗ ನಿಲ್ಲಿಸಿ. ತೀರಾ ಕೆಳಗೆ ಹೋದರೆ ಎಳೆಗಳೆಲ್ಲ ಒಂದಾಗಿ ಕರಿ ಮಸಿಯ ಗುಡ್ಡೆಯಾಗುತ್ತದೆ. ಎಳೆ ಎಣಿಸಲು ಬರುವಷ್ಟು ಉಳಿದಿದ್ದರೆ ಸರಿಯಾಗಿದೆ ಎಂದರ್ಥ.

● ಬಿಸಿಲಿಗೆ ಹಿಡಿದು ತೆಗೆದರೆ ಚೆನ್ನಾಗಿ ಬರುತ್ತದೆ ಎಂದು ಎಲ್ಲರೂ ಅಂಗಳಕ್ಕೆ ಹೊರಡುತ್ತಾರೆ. ಬಯಲುಸೀಮೆಯ ಮಟಮಟ ಮಧ್ಯಾಹ್ನದ ಬಿಸಿಲು ನೇರ ಮೇಲಿಂದ ಬಿದ್ದು ನೇಯ್ಗೆಯ ಉಬ್ಬುತಗ್ಗನ್ನು ಅಳಿಸಿಹಾಕುತ್ತದೆ. ತೆರೆದ ಬಾಗಿಲ ಬಳಿ, ನೆರಳಿನಲ್ಲಿ, ಬೆಳಕು ಒಂದು ಪಕ್ಕದಿಂದ ಬಟ್ಟೆಯ ಮೇಲೆ ಸವರಿಕೊಂಡು ಹೋಗುವಂತೆ ಹಾಸಿ. ಆಗ ಕೈಯಲ್ಲಿ ನೂತ ನೂಲಿನ ದಪ್ಪ-ಸಣ್ಣ ಎದ್ದು ಕಾಣುತ್ತದೆ. ಕಾರ್ಖಾನೆ ಹೊದಿಕೆಯಲ್ಲಿ ಸಿಗದಿರುವುದು ಇದೇ. ಮನೆಯೊಳಗಿನ ಬಲ್ಬನ್ನು ಆರಿಸಿಬಿಡಿ. ಬಾಗಿಲ ಬೆಳಕಿಗೆ ಬಲ್ಬಿನ ಹಳದಿ ಬೆರೆತರೆ ಒಂದೇ ಕಂಬಳಿಗೆ ಎರಡು ಬಣ್ಣ ಬರುತ್ತವೆ, ಪಾರ್ಸೆಲ್ ಬಿಚ್ಚಿದ ಗಿರಾಕಿ ‘ಫೋಟೊದಲ್ಲಿ ಬೇರೆ ಇತ್ತು’ ಎಂದು ವಾಪಸ್ ಕಳಿಸುತ್ತಾರೆ. ವಾಪಸ್ ಬಂದ ಪಾರ್ಸೆಲ್ಲಿನ ಅಂಚೆ ಖರ್ಚು ಎರಡು ಕಡೆಯದೂ ನೇಕಾರರ ತಲೆಗೇ.

ಅಂದ ಹಾಗೆ, ಕ್ಯಾಮೆರಾದ ಗಾಜು ಒರೆಸಿದ್ದೀರಾ? ಉಣ್ಣೆಯ ಮನೆಯಲ್ಲಿ ಅದರ ಮೇಲೆ ತುಪ್ಪುಳ, ಬೆರಳಿನ ಜಿಡ್ಡು ಎರಡೂ ಕೂತಿರುತ್ತವೆ. ‘ಫೋನು ಹಳೆಯದು, ಫೋಟೊ ಮಸುಕು’ ಎನ್ನುವ ದೂರಿನ ಅರ್ಧಭಾಗ ಪಂಚೆಯ ತುದಿಯಲ್ಲಿ ಒರೆಸಿದರೆ ಹೋಗುತ್ತದೆ.

● ಸೊಗಸಾದ ಒಂದೇ ಫೋಟೊಗಿಂತ ಸಾಧಾರಣವಾದ ಆರು ಫೋಟೊ ಮೇಲು. ಇನ್‌ಸ್ಟಾಗ್ರಾಂನಲ್ಲಿ ಒಂದೇ ಪೋಸ್ಟಿಗೆ ಈಗ 20 ಫೋಟೊವರೆಗೆ ಜೋಡಿಸಬಹುದು, ಅಷ್ಟು ಬೇಕಿಲ್ಲ. ಮೊದಲನೆಯದು ಕಂಬಳಿಯನ್ನು ಮಂಚದ ಮೇಲೆ ಪೂರ್ತಿ ಹಾಸಿದ್ದು. ಎರಡನೆಯದು ತೀರಾ ಹತ್ತಿರದಿಂದ, ಪಕ್ಕದಲ್ಲಿ ಐದು ರೂಪಾಯಿ ನಾಣ್ಯ ಇಟ್ಟು. ಎಳೆಯ ದಪ್ಪ ಗೊತ್ತಾಗುವುದು ನಾಣ್ಯದಿಂದಲೇ. ಮೂರನೆಯದು ಅಂಚು. ನಾಲ್ಕನೆಯದು ಯಾರಾದರೂ ಹೆಗಲ ಮೇಲೆ ಹೊದ್ದು ನಿಂತದ್ದು, ಉದ್ದ ಎಲ್ಲಿವರೆಗೆ ಬರುತ್ತದೆ ಎಂದು ತಿಳಿಯಲು. ಐದನೆಯದನ್ನು ಯಾರೂ ಹಾಕುವುದಿಲ್ಲ: ಗಂಟು, ಎಳೆ ಜೋಡಿಸಿದ ಜಾಗ, ಉಣ್ಣೆಯಲ್ಲಿ ಬೆರೆತ ಕಂದು ಕೂದಲು. ಇವನ್ನು ಮೊದಲೇ ತೋರಿಸಿದರೆ ಆಮೇಲೆ ಇವೇ ತಕರಾರಾಗುವುದಿಲ್ಲ. ಆರನೆಯದರಲ್ಲಿ ಬರೀ ಅಕ್ಷರ: ನಂಬರು, ಉದ್ದ, ಅಗಲ, ತೂಕ, ಬೆಲೆ, ಅಂಚೆ ವೆಚ್ಚ. ಜೊತೆಗೆ ‘ಸ್ವಲ್ಪ ಚುಚ್ಚುತ್ತದೆ’ ಎಂದೂ ಬರೆಯಿರಿ. ನಾಡ ಉಣ್ಣೆ ಚುಚ್ಚುವುದು ಹಳ್ಳಿಯವರಿಗೆ ಗೊತ್ತು, ಪೇಟೆಯವರಿಗೆ ಗೊತ್ತಿಲ್ಲ.

ಬೆಲೆಯನ್ನು ‘ಇನ್‌ಬಾಕ್ಸ್ ಮಾಡಿ’ ಎಂದು ಮುಚ್ಚಿಡುವ ಚಾಳಿ ಎಲ್ಲಿಂದ ಬಂತೋ! ಕೊಳ್ಳುವ ಮನಸ್ಸಿಲ್ಲದವರೂ ಕುತೂಹಲಕ್ಕೆ ಕೇಳುತ್ತಾರೆ, ಕೊಳ್ಳುವವರು ಕೇಳಲು ಸಂಕೋಚಪಟ್ಟು ಮುಂದೆ ಹೋಗುತ್ತಾರೆ. ಮೇಲೆ ಹೇಳಿದ ಹತ್ತು ಗಂಟೆಯಲ್ಲಿ ದೊಡ್ಡ ಪಾಲು ಈ ಒಂದು ಪ್ರಶ್ನೆಯದೇ.

● ಹಲವು ಫೋಟೊ ಇರುವ ಪೋಸ್ಟಿಗೆ ಎರಡನೇ ಅವಕಾಶ ಸಿಗುತ್ತದೆ! ಮೊದಲ ಫೋಟೊ ನೋಡಿ ಪಕ್ಕಕ್ಕೆ ಸರಿಸದೆ ಹೋದವರಿಗೆ ಇನ್‌ಸ್ಟಾಗ್ರಾಂ ಅದೇ ಪೋಸ್ಟನ್ನು ಇನ್ನೊಮ್ಮೆ, ಈ ಬಾರಿ ಎರಡನೇ ಫೋಟೊದಿಂದ ತೋರಿಸುವುದುಂಟು. ಆದ್ದರಿಂದ ನಾಣ್ಯದ ಫೋಟೊ ಎರಡನೇ ಜಾಗದಲ್ಲೇ ಇರಲಿ.

● ಬಣ್ಣ ಹಾಕಿದ ಬಟ್ಟೆಗೆ ಫೋಟೊ ಇನ್ನೂ ಅನಿವಾರ್ಯ. ಸಾಗರಕ್ಕೆ ಹತ್ತಿರದ ಹೆಗ್ಗೋಡಿನ ಭೀಮನಕೋಣೆಯಲ್ಲಿ ರಂಗಕರ್ಮಿ ಪ್ರಸನ್ನ ಕಟ್ಟಿದ ‘ಚರಕ’ ಮಹಿಳಾ ಸಹಕಾರ ಸಂಘ ಅಡಿಕೆ ಚೊಗರಿನಂಥ ನೈಸರ್ಗಿಕ ಬಣ್ಣದ ಕೈಮಗ್ಗದ ಬಟ್ಟೆಗೆ ಹೆಸರಾಗಿದೆ. ಚೊಗರಿನ ಕೆಂಪು ಒಂದು ಹದದಲ್ಲಿ ಒಂದು ತೆರ, ಮುಂದಿನ ಹದದಲ್ಲಿ ಇನ್ನೊಂದು ತೆರ. ಕಳೆದ ತಿಂಗಳ ಫೋಟೊ ತೋರಿಸಿ ಈ ತಿಂಗಳ ಬಟ್ಟೆ ಕಳಿಸಿದರೆ ಜಗಳ ಗ್ಯಾರಂಟಿ. ಪ್ರತಿ ಹದಕ್ಕೂ ಹೊಸ ಫೋಟೊ ತೆಗೆಯಬೇಕು.

● ಈಗ ವಿಡಿಯೊಗೆ ಬರೋಣ. 2020ರ ಜೂನ್ 29ರಂದು ಭಾರತದಲ್ಲಿ ಟಿಕ್‌ಟಾಕ್ ನಿಷೇಧವಾಯಿತು, ಹತ್ತೇ ದಿನದೊಳಗೆ ಇನ್‌ಸ್ಟಾಗ್ರಾಂ ಇಲ್ಲಿ ರೀಲ್ಸ್ ಶುರು ಮಾಡಿತು, ಸೆಪ್ಟೆಂಬರಿನಲ್ಲಿ ಯೂಟ್ಯೂಬ್ ತನ್ನ ಶಾರ್ಟ್ಸನ್ನು ಮೊದಲು ಭಾರತದಲ್ಲೇ ಪ್ರಯೋಗಕ್ಕೆ ಇಟ್ಟಿತು. ಫೋಟೊ ಹೆಚ್ಚಾಗಿ ನಿಮ್ಮನ್ನು ಈಗಾಗಲೇ ಬಲ್ಲವರ ಮುಂದೆ ಬರುತ್ತದೆ. ಚುಟುಕು ವಿಡಿಯೊವನ್ನು ಈ ಆ್ಯಪ್‌ಗಳು ನಿಮ್ಮ ಹೆಸರೇ ಕೇಳದವರ ಮುಂದೆಯೂ ಇಡುತ್ತವೆ. ಇದೊಂದೇ ವಿಡಿಯೊದ ನಿಜವಾದ ಹೆಚ್ಚುಗಾರಿಕೆ.

● ಲೈಕಿಗಿಂತ ‘ಕಳಿಸಿದ್ದು’ ದೊಡ್ಡದು, ಗೊತ್ತೇ? ಇನ್‌ಸ್ಟಾಗ್ರಾಂ ಮುಖ್ಯಸ್ಥ ಆ್ಯಡಂ ಮೊಸ್ಸೆರಿ 2025ರ ಜನವರಿಯಲ್ಲಿ ಹೇಳಿದ ಪ್ರಕಾರ ಮುಖ್ಯವಾಗಿ ಲೆಕ್ಕಕ್ಕೆ ಬರುವುದು ಮೂರು: ಎಷ್ಟು ಹೊತ್ತು ನೋಡಿದರು, ಎಷ್ಟು ಜನ ಲೈಕ್ ಒತ್ತಿದರು, ಎಷ್ಟು ಜನ ಬೇರೆಯವರಿಗೆ ಕಳಿಸಿದರು. ಅಪರಿಚಿತರಿಗೆ ತಲುಪಬೇಕಾದರೆ ಮೂರನೆಯದಕ್ಕೆ ತೂಕ ಹೆಚ್ಚು. ಕಂಬಳಿಯ ವಿಡಿಯೊವನ್ನು ಜನ ಯಾರಿಗೆ ಕಳಿಸುತ್ತಾರೆ? ‘ನಮ್ಮ ಅಜ್ಜ ಇದನ್ನೇ ಹೊದೀತಿದ್ರಲ್ಲ’ ಎಂದು ಅಣ್ಣನಿಗೋ ಅಕ್ಕನಿಗೋ. ಅಂಥ ನೆನಪು ಬರುವುದು ಕೆಲಸ ಮಾಡುವ ಕೈ ಕಂಡಾಗ. ಮಡಿಸಿಟ್ಟ ಕಂಬಳಿಯ ಸುತ್ತ ಕ್ಯಾಮೆರಾ ತಿರುಗಿಸಿದ ವಿಡಿಯೊಗೆ ಆ ಶಕ್ತಿ ಇಲ್ಲ. ಅದು ಅಲ್ಲಾಡುವ ಫೋಟೊ, ಅಷ್ಟೆ.

● ವ್ಯೂ ಸಂಖ್ಯೆ ಎಂದರೆ ತಲೆಗಳ ಸಂಖ್ಯೆಯಲ್ಲ. ಒಬ್ಬರೇ ಮೂರು ಸಲ ನೋಡಿದರೆ ಇನ್‌ಸ್ಟಾಗ್ರಾಂನಲ್ಲಿ ಮೂರು ವ್ಯೂ. ಯೂಟ್ಯೂಬ್ ಶಾರ್ಟ್ಸ್ ಕೂಡ 2025ರ ಮಾರ್ಚ್ 31ರಿಂದ ವಿಡಿಯೊ ಓಡಲು ಶುರುವಾದರೆ ಸಾಕು, ಎಣಿಸುತ್ತದೆ. ‘ಹತ್ತು ಸಾವಿರ ವ್ಯೂ’ ಎಂದು ಊರೆಲ್ಲ ಹೇಳಿಕೊಂಡು ಬರುವ ಮುನ್ನ ಇದು ನೆನಪಿರಲಿ.

● ಮಗ್ಗದ ವಿಡಿಯೊದಲ್ಲಿ ಕಪ್ಪು ಪಟ್ಟಿಗಳು ಮೇಲೆ ಕೆಳಗೆ ಹರಿದಾಡುವುದನ್ನು ಕಂಡಿದ್ದೀರಾ? ಫೋನು ಕೆಟ್ಟಿಲ್ಲ. ನಮ್ಮ ಕರೆಂಟು ಸೆಕೆಂಡಿಗೆ 50 ಸಲ ಆವರ್ತಿಸುತ್ತದೆ, ಅದರಿಂದ ಉರಿಯುವ ಅಗ್ಗದ ಎಲ್‌ಇಡಿ, ಟ್ಯೂಬ್‌ಲೈಟುಗಳು ಸೆಕೆಂಡಿಗೆ 100 ಸಲ ಮಿಟುಕುತ್ತವೆ. ಕಣ್ಣಿಗೆ ಕಾಣದ ಆ ಮಿಟುಕು, ಸೆಕೆಂಡಿಗೆ 30 ಚಿತ್ರ ಹಿಡಿಯುವ ಫೋನಿಗೆ ತಾಳ ತಪ್ಪಿ ಪಟ್ಟಿಯಾಗಿ ಕಾಣುತ್ತದೆ. ದೀಪ ಆರಿಸಿ ಹಗಲು ಬೆಳಕಿನಲ್ಲಿ ತೆಗೆದರೆ ತಾಪತ್ರಯವೇ ಇಲ್ಲ. ದೀಪ ಬೇಕೇ ಬೇಕು ಎಂದಾದರೆ, ಫೋನಿನಲ್ಲಿ ಅವಕಾಶವಿದ್ದರೆ ಸೆಕೆಂಡಿಗೆ 25 ಚಿತ್ರಕ್ಕೆ ಇಳಿಸಿ. ಲಾಳಿಯನ್ನು ನಿಧಾನಗತಿಯಲ್ಲಿ ತೋರಿಸುವ ಆಸೆಯಿದ್ದರಂತೂ ಹಗಲೇ ಬೇಕು. ನಿಧಾನಗತಿಯಲ್ಲಿ ದೀಪದ ಮಿಟುಕು ಕಣ್ಣಿಗೇ ಹೊಡೆಯುತ್ತದೆ.

● ಗುಂಡಿ ಮಗ್ಗದವರು ಕಾಲನ್ನು ಗುಂಡಿಯೊಳಗೆ ಇಳಿಬಿಟ್ಟು ನೆಲಮಟ್ಟದಲ್ಲಿ ಕೂರುತ್ತಾರೆ. ನಿಂತುಕೊಂಡು ತೆಗೆದ ವಿಡಿಯೊದಲ್ಲಿ ಅವರ ನೆತ್ತಿ ಬಿಟ್ಟು ಬೇರೇನೂ ಕಾಣುವುದಿಲ್ಲ. ಎರಡು ಇಟ್ಟಿಗೆ ಇಟ್ಟು, ಫೋನನ್ನು ಉದ್ದುದ್ದ ನಿಲ್ಲಿಸಿ, ಹಾಸಿನ ಎಳೆಗಳ ಮಟ್ಟಕ್ಕೇ ತನ್ನಿ. ಕೈ, ಲಾಳಿ, ಹಣಿಗೆ ಮೂರೂ ಚೌಕಟ್ಟಿನೊಳಗೆ ಬರಲಿ. ಶುರುವಾಗುವುದೇ ಲಾಳಿಯ ಓಟದಿಂದ ಆಗಲಿ. ಬ್ರ್ಯಾಂಡಿನ ಹೆಸರು, ಹೂವಿನ ಚಿತ್ರ, ‘ನಮಸ್ಕಾರ ಸ್ನೇಹಿತರೇ’ ಇವೆಲ್ಲ ಮುಗಿಯುವ ಹೊತ್ತಿಗೆ ನೋಡುವವರ ಹೆಬ್ಬೆರಳು ಮುಂದಿನ ವಿಡಿಯೊಗೆ ಹೋಗಿರುತ್ತದೆ. ಮೂರು ಸೆಕೆಂಡು ಲಾಳಿ, ಆಮೇಲೆ ಅಮ್ಮ ಉಣ್ಣೆ ನೂಲುವುದು, ಹಾಸಿನ ಎಳೆಗಳಿಗೆ ಹುಣಸೆಬೀಜದ ಗಂಜಿ ಬಳಿಯುವುದು, ಮತ್ತೆ ಮಗ್ಗ, ಕೊನೆಗೆ ಮಗ್ಗದಿಂದ ಕುಯ್ದ ಕಂಬಳಿಯನ್ನು ಅಪ್ಪ ಹಿಡಿದು ನಿಂತದ್ದು. ಒಟ್ಟು ಅರ್ಧ ನಿಮಿಷ. ಹುಣಸೆಬೀಜದ ಗಂಜಿಯನ್ನು ಮಾತ್ರ ಬಿಡಬೇಡಿ. ಪೇಟೆಯವರು ಅದನ್ನು ಕಂಡು ‘ಇದೇನು?’ ಎಂದು ಕೇಳುತ್ತಾರೆ, ಆ ಪ್ರಶ್ನೆಗೆ ಕೊಡುವ ಉತ್ತರವೇ ಇನ್ನೊಂದು ತಿಂಗಳ ವಿಡಿಯೊ.

● ಸಿನಿಮಾ ಹಾಡು ಹಾಕಿದರೆ ಅಪಾಯ, ಗೊತ್ತೇ? ಸ್ವಂತ ಖುಷಿಗೆ ಹಾಕುವವರಿಗೆ ಸಿಗುವ ಹಾಡೆಲ್ಲ ವ್ಯಾಪಾರದ ಖಾತೆಗೆ ಸಿಗುವುದಿಲ್ಲ. ಮಾರಾಟಕ್ಕೆ ಹಾಡು ಬಳಸಲು ಬೇರೆ ಹಕ್ಕು ಬೇಕು. ಬೇರೆ ದಾರಿಯಲ್ಲಿ ತುರುಕಿದರೆ ಒಂದು ದಿನ ವಿಡಿಯೊದ ಸದ್ದು ಅಡಗಬಹುದು, ವಿಡಿಯೊವೇ ಹೋಗಬಹುದು. ಮಗ್ಗದ ಟಕ್ ಟಕ್ ಸದ್ದಿಗೆ ಯಾರ ಹಕ್ಕೂ ಇಲ್ಲ. ಫ್ಯಾನ್ ನಿಲ್ಲಿಸಿ, ಟಿವಿ ಆರಿಸಿ, ಅದನ್ನೇ ಹಿಡಿಯಿರಿ. ಬಸ್ಸಿನಲ್ಲಿ ಸದ್ದಿಲ್ಲದೆ ನೋಡುವವರಿಗಾಗಿ ಎರಡು ಸಾಲು ಕನ್ನಡದಲ್ಲಿ ಬರೆದು ಅಂಟಿಸಿ.

● ಒಂದು ಆ್ಯಪಿನಲ್ಲಿ ಮಾಡಿದ್ದನ್ನು ಇಳಿಸಿಕೊಂಡು ಇನ್ನೊಂದಕ್ಕೆ ಏರಿಸುವ ಸೋಮಾರಿತನ ಬೇಡ. ಬೇರೆ ಆ್ಯಪಿನ ಮುದ್ರೆ ಇರುವ ವಿಡಿಯೊಗಳನ್ನು ಕಡಿಮೆ ತೋರಿಸುತ್ತೇವೆ ಎಂದು ಇನ್‌ಸ್ಟಾಗ್ರಾಂ 2021ರಲ್ಲೇ ಹೇಳಿದೆ. ಮುದ್ರೆಯಿಲ್ಲದ ಮೂಲ ವಿಡಿಯೊವನ್ನು ಫೋನಿನಲ್ಲೇ ಉಳಿಸಿಕೊಂಡು ಎರಡೂ ಕಡೆ ಬೇರೆಬೇರೆಯಾಗಿ ಹಾಕಿ.

● ಉಡುಪಿ ಸೀರೆಯ ಕಥೆ ಕೇಳಿದ್ದೀರಾ? 2016ರಲ್ಲಿ ಭೌಗೋಳಿಕ ಗುರುತು ಸಿಕ್ಕರೂ ಅದನ್ನು ನೇಯುವವರು ಬೆರಳೆಣಿಕೆಗೆ ಇಳಿಯುತ್ತಿದ್ದರು. ಕಾರ್ಕಳದ ಕದಿಕೆ ಟ್ರಸ್ಟ್ ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಂಘದ ಜೊತೆ ಕೆಲಸ ಮಾಡಿ ಸೀರೆಯನ್ನು ಮತ್ತೆ ಜನರ ಬಾಯಿಗೆ ತಂದಿತು. ಅವರ ಒಂದು ಉಪಾಯ ಬಹಳ ಸರಳ: ನೇಯ್ದವರ ಹೆಸರು, ಫೋಟೊ ಸೀರೆಯ ಜೊತೆಗೇ ಗಿರಾಕಿಗೆ ಹೋಗುವುದು. ಗಮನಿಸಿ, ಈ ಉಪಾಯಕ್ಕೆ ವಿಡಿಯೊ ಬೇಕಿಲ್ಲ, ಒಂದು ಚೀಟಿ ಸಾಕು. ಹಿರೇನಲ್ಲೂರಿನ ಮನೆಯವರೂ ಆರನೇ ಫೋಟೊದಲ್ಲಿ ‘ನೇಯ್ದವರು’ ಎಂದು ಒಂದು ಸಾಲು ಸೇರಿಸಬಹುದು. ಅಪ್ಪನ ಒಪ್ಪಿಗೆ ಕೇಳಿಯೇ ಸೇರಿಸಿ.

● ಮೊದಲ ಹತ್ತು ಗಿರಾಕಿಗಳು ಇನ್‌ಸ್ಟಾಗ್ರಾಂನಲ್ಲಿ ಇರುವುದಿಲ್ಲ, ನಿಮ್ಮ ಫೋನ್‌ಬುಕ್ಕಿನಲ್ಲಿರುತ್ತಾರೆ. ಕಡೂರು, ಬೀರೂರಿನ ಪರಿಚಯದವರು, ಬೆಂಗಳೂರು ಸೇರಿದ ನೆಂಟರು, ಅವರ ಆಫೀಸಿನವರು. ವಾಟ್ಸ್‌ಆ್ಯಪ್ ಸ್ಟೇಟಸ್ 24 ಗಂಟೆಯಲ್ಲಿ ಅಳಿದುಹೋಗುತ್ತದೆ, ಆದರೆ ಯಾರು ಯಾರು ನೋಡಿದರು ಎಂದು ಹೆಸರು ಸಮೇತ ಹೇಳುತ್ತದೆ. ಮೂರು ಸಲ ಹಾಕಿದಾಗಲೂ ನೋಡಿ ಸುಮ್ಮನಿದ್ದ ಸೋದರಮಾವನಿಗೆ ಒಂದು ಫೋನು ಮಾಡಬಹುದು! ಉಚಿತವಾಗಿ ಸಿಗುವ ವಾಟ್ಸ್‌ಆ್ಯಪ್ ಬಿಸಿನೆಸ್‌ನಲ್ಲಿ ಕ್ಯಾಟಲಾಗ್ ಇದೆ, ಹತ್ತೂ ಕಂಬಳಿಯನ್ನು ನಂಬರು ಹಾಕಿ ಅಲ್ಲಿ ಇಟ್ಟರೆ ‘ಯಾವ್ಯಾವುದಿದೆ ಕಳಿಸಿ’ ಎಂದವರಿಗೆ ಒಂದೇ ಕೊಂಡಿ ಸಾಕು. ಫೋಟೊ ಕಳಿಸುವಾಗ ಮೇಲಿನ HD ಒತ್ತಿ. ಇಲ್ಲದಿದ್ದರೆ ಅದು ಫೋಟೊವನ್ನು ಹಿಂಡಿ ಕಳಿಸುತ್ತದೆ, ಬಾಗಿಲ ಬಳಿ ಕಷ್ಟಪಟ್ಟು ಹಿಡಿದ ಎಳೆಗಳೆಲ್ಲ ಮಾಯ.

● ಯಾವುದರಿಂದ ಮಾರಾಟವಾಯಿತು ಎಂದು ತಿಳಿಯುವುದು ಹೇಗೆ? ಅದಕ್ಕೆಂದೇ ನಂಬರು. ‘ಏಳನೇ ನಂಬರು ಇದೆಯಾ?’ ಎಂದು ಕೇಳಿದವರು ಫೋಟೊ ನೋಡಿ ಬಂದವರು. ‘ಆ ಮಗ್ಗದ್ದು ವಿಡಿಯೊ ನೋಡಿದೆ’ ಎಂದವರು ರೀಲ್ಸಿನಿಂದ ಬಂದವರು. ವಿಡಿಯೊದ ಕೊನೆಯಲ್ಲಿ ‘ಲಾಳಿ ಎಂದು ಬರೆದು ಕಳಿಸಿ’ ಎಂದು ಹಾಕಿದರೆ ಅನುಮಾನವೇ ಉಳಿಯುವುದಿಲ್ಲ. ಹಳೆಯ ನೋಟ್‌ಬುಕ್ಕಿನಲ್ಲಿ ಎರಡು ಕಲಂ ಹಾಕಿ: ಕೇಳಿದವರು, ಕೊಂಡವರು. ರೀಲ್ಸಿನ ಕಡೆ ಕೇಳಿದವರು ಬಹಳ, ಕೊಂಡವರು ಕಡಿಮೆ ಎಂದಾದರೆ ವಿಡಿಯೊ ಕೆಟ್ಟದ್ದು ಎಂದು ಅರ್ಥವಲ್ಲ. ಅಲ್ಲಿಂದ ಬಂದವರಿಗೆ ಆರು ಫೋಟೊ ಥಟ್ಟನೆ ಸಿಗುತ್ತಿಲ್ಲ ಎಂದರ್ಥ. ಎರಡೂ ಕಡೆ ಯಾರೂ ಕೇಳುತ್ತಿಲ್ಲ ಎಂದಾದರೆ ಬೆಲೆಯನ್ನೋ ಅಳತೆಯನ್ನೋ ನೋಡಿ.

● ಮಾರಿಹೋದ ಕಂಬಳಿಯ ಫೋಟೊ ಅಳಿಸಬೇಡಿ. ‘ಮಾರಾಟವಾಗಿದೆ’ ಎಂದು ಬರೆದು ಅಲ್ಲೇ ಬಿಡಿ, ಮುಂದಿನವರು ಅದನ್ನು ನೋಡಿ ಇಂಥದ್ದೇ ಬೇಕು ಎಂದು ಮುಂಗಡ ಕೊಡುತ್ತಾರೆ. ಮುಂಗಡ ಪಡೆದವರಿಗೆ ಎಷ್ಟು ವಾರ ಕಾಯಬೇಕು ಎಂದು ಅಂದೇ ಹೇಳಿಬಿಡಿ. ಮಳೆಗಾಲದಲ್ಲಿ ಗಂಜಿ ಬಳಿದ ಹಾಸು ಒಣಗುವುದು ತಡ, ಅದನ್ನೂ ಸೇರಿಸಿಯೇ ಹೇಳಿ.

● ಇನ್ನು ಮುಂದಿನ ತಿಂಗಳು ವಿಡಿಯೊ ಬೇಕೋ ಬೇಡವೋ? ಮನೆಯಲ್ಲಿ ಉಳಿದ ಕಂಬಳಿ ಎಣಿಸಿ. ಮಗ್ಗದಿಂದ ಇಳಿದು ತಿಂಗಳು ಕಳೆದರೂ ಮೂರು ನಾಲ್ಕು ಅಟ್ಟದ ಮೇಲೆ ಇವೆ ಎಂದರೆ ಬಲ್ಲವರ ಬಳಗ ಮುಗಿಯಿತು, ಹೊಸಬರನ್ನು ಕರೆಯಲು ಒಂದು ರೀಲ್ಸ್ ಹಾಕಿ. ಮಗ್ಗದಲ್ಲಿರುವಾಗಲೇ ಮುಂಗಡ ಬಂದಿದೆ ಎಂದರೆ ಆ ತಿಂಗಳು ಫೋನಿಗೆ ರಜೆ ಕೊಟ್ಟು ಮಗನೂ ಲಡಿ ಸುತ್ತಲು ಕೂರಲಿ.